ಸಿಗ್ನಲ್ ಪೂರ್ತಿ ಇದೆ, ಇಂಟರ್ನೆಟ್ ಮಾತ್ರ ಇಲ್ಲ: ಬೇರೆ ದೇಶದಲ್ಲಿ ಇಳಿದ ಮೇಲೆ ಏನು ನೋಡಬೇಕು?

ಪ್ರಶ್ನೆ: ನಿನ್ನೆ ಬೇರೆ ದೇಶಕ್ಕೆ ಬಂದಿಳಿದೆ. ಹೊರಡುವ ಮುಂಚೆಯೇ ರೋಮಿಂಗ್ ಪ್ಯಾಕ್ ಹಾಕಿಸಿದ್ದೆ. ಸಿಗ್ನಲ್ ಪೂರ್ತಿ ಇದೆ, ಎಸ್‌ಎಂಎಸ್ ಬರುತ್ತಿದೆ, ಕರೆಯೂ ಹೋಗುತ್ತಿದೆ. ಆದರೆ ವೈಫೈ ಆಫ್ ಮಾಡಿದ ಕೂಡಲೇ ಇಂಟರ್ನೆಟ್ ಇಲ್ಲ. ಒಬ್ಬರು ಎಪಿಎನ್ ಬದಲಿಸಿ ಅಂತಾರೆ, ಇನ್ನೊಬ್ಬರು ನೆಟ್‌ವರ್ಕನ್ನು ನೀವೇ ಆರಿಸಿಕೊಳ್ಳಿ ಅಂತಾರೆ. ನನ್ನದು ಎರಡು ಸಿಮ್ ಇರುವ ಆಂಡ್ರಾಯ್ಡ್ ಫೋನ್. ಯಾವುದರಿಂದ ಶುರು ಮಾಡಲಿ?

ಉತ್ತರ: ಎಪಿಎನ್ ಅನ್ನುವ ಇಂಟರ್ನೆಟ್ ಸೆಟ್ಟಿಂಗಿಗೆ ಕೈ ಹಾಕುವುದು ಕೊನೆಗಿರಲಿ. ಮೊದಲು ರೋಮಿಂಗ್ ಸ್ವಿಚ್ ನೋಡಿ, ಆಮೇಲೆ ನೆಟ್‌ವರ್ಕ್, ಅದಾದ ಮೇಲೆ ಎಪಿಎನ್. ಈ ಕ್ರಮಕ್ಕೆ ಕಾರಣ ಇದೆ. ಒಂದೊಂದು ಹಂತ ದಾಟಿದಾಗಲೂ ಫೋನಿನಲ್ಲಿ ಒಂದು ಗುರುತು ಕಾಣಿಸುತ್ತದೆ. ಅದನ್ನು ನೋಡಿಕೊಂಡು ಮುಂದೆ ಹೋದರೆ ಸರಿಯಾಗಿದ್ದ ಸೆಟ್ಟಿಂಗನ್ನು ನಾವೇ ಕೆಡಿಸುವ ಭಯ ಇರುವುದಿಲ್ಲ. ಗಾಬರಿಯಲ್ಲಿ ಮೊದಲೇ ಎಪಿಎನ್ ಬದಲಿಸಿದವರ ಫೋನಿನಲ್ಲಿ ಎಷ್ಟೋ ಸಲ ಎರಡು ತೊಂದರೆ ಇರುತ್ತವೆ. ಮೊದಲಿನಿಂದ ಇದ್ದದ್ದು ಒಂದು, ಬದಲಿಸುವಾಗ ಆದದ್ದು ಇನ್ನೊಂದು.

ಕರೆ ಹೋಗುತ್ತಿದೆ, ಎಸ್‌ಎಂಎಸ್ ಬರುತ್ತಿದೆ ಅಂದರೆ ಗೊತ್ತಾಗುವುದು ಇಷ್ಟೇ: ಅಲ್ಲಿನ ನೆಟ್‌ವರ್ಕ್ ನಿಮ್ಮ ಸಿಮ್ಮನ್ನು ಒಳಗೆ ಬಿಟ್ಟುಕೊಂಡಿದೆ. ಡೇಟಾಗೆ ಬೇರೆ ಒಪ್ಪಿಗೆ ಬೇಕು. ನಿಮಗೆ ಸಿಮ್ ಕೊಟ್ಟ ಕಂಪನಿಗೂ ಅಲ್ಲಿನ ನೆಟ್‌ವರ್ಕಿಗೂ ಕರೆಯ ಒಪ್ಪಂದ ಇದ್ದು, 4ಜಿ ಡೇಟಾದ ಒಪ್ಪಂದ ಇಲ್ಲದೆಯೂ ಇರಬಹುದು. ಹಾಗಾಗಿ ಪೂರ್ತಿ ಸಿಗ್ನಲ್ ನೋಡಿ ‘ನೆಟ್‌ವರ್ಕ್ ಸರಿಯಾಗಿದೆ’ ಅಂತ ಮುಂದೆ ಹೋಗಬೇಡಿ.

ಇನ್ನೊಂದು ವಿಷಯ ಮೊದಲೇ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ರೋಮಿಂಗ್‌ನಲ್ಲಿ ನಿಮ್ಮ ಫೋನ್ ಮಾತಾಡುವುದು ಅಲ್ಲಿನ ಟವರ್ ಜೊತೆ. ಆದರೆ ಡೇಟಾ ಸಾಮಾನ್ಯವಾಗಿ ಅಲ್ಲೇ ಇಂಟರ್ನೆಟ್ಟಿಗೆ ಇಳಿಯುವುದಿಲ್ಲ. ಅಲ್ಲಿನ ನೆಟ್‌ವರ್ಕ್ ಅದನ್ನು ನಿಮ್ಮ ಸಿಮ್ ಕಂಪನಿಯ ಗೇಟ್‌ವೇಗೆ ಕಳಿಸುತ್ತದೆ. ಅದು ಹೊರಗೆ ಹೋಗುವುದು ಅಲ್ಲಿಂದ. ಬೇರೆ ದೇಶದಲ್ಲಿ ಕೂತಿದ್ದರೂ ಕೆಲವು ವೆಬ್‌ಸೈಟ್‌ಗಳು ನಿಮ್ಮನ್ನು ಇನ್ನೂ ನಿಮ್ಮ ದೇಶದಲ್ಲೇ ಇದ್ದೀರಿ ಅಂದುಕೊಳ್ಳುವುದು ಇದಕ್ಕೇ. ಎಪಿಎನ್ ಅನ್ನುವುದು ಆ ಗೇಟ್‌ವೇಯ ಹೆಸರು. ಅಂದರೆ ಎಪಿಎನ್ ನಿಮ್ಮ ಸಿಮ್ ಕಂಪನಿಯದ್ದೇ ಆಗಿರಬೇಕು, ನೀವು ಇಳಿದ ದೇಶದ ನೆಟ್‌ವರ್ಕಿನದ್ದಲ್ಲ. ಅಲ್ಲಿನ ನೆಟ್‌ವರ್ಕಿನ ಎಪಿಎನ್ ಹುಡುಕಿ ಹಾಕುವವರು ಬಹಳ ಜನ. ರೋಮಿಂಗ್ ಸಿಮ್‌ಗೆ ಅದು ಕೆಲಸ ಮಾಡುವುದಿಲ್ಲ.

ಈಗ ವೈಫೈ ಆಫ್ ಮಾಡಿ, ಫೋನಿನ ಮೇಲ್ಪಟ್ಟಿಯನ್ನು ಸರಿಯಾಗಿ ನೋಡಿ. ಸಿಗ್ನಲ್ ಪಕ್ಕ ಚಿಕ್ಕದಾಗಿ `R` ಇದ್ದರೆ ರೋಮಿಂಗ್‌ನಲ್ಲಿದ್ದೀರಿ ಎಂದರ್ಥ. ಕೆಲವು ಫೋನುಗಳು ಅದನ್ನು ತೋರಿಸುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮುಖ್ಯವಾದದ್ದು `4G`, `LTE`, `5G`, `H+` ತರಹದ ಅಕ್ಷರ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಡೇಟಾ ಸಂಪರ್ಕ ಸಿಕ್ಕಾಗ ಮಾತ್ರ ಅದು ಬರುತ್ತದೆ. ಅಕ್ಷರ ಇದ್ದು ಪಕ್ಕದಲ್ಲಿ `!` ಇದ್ದರೆ, ಸಂಪರ್ಕ ಸಿಕ್ಕಿದೆ ಆದರೆ ಇಂಟರ್ನೆಟ್ ತಲುಪುತ್ತಿಲ್ಲ ಅಂತ.

ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಇನ್ನೊಂದಿದೆ. ಸೆಟ್ಟಿಂಗ್ಸ್‌ನಲ್ಲಿ `About phone` ಒಳಗೆ `IP address` ಎಂಬ ಸಾಲು ಇರುತ್ತದೆ. ಕೆಲವು ಫೋನುಗಳಲ್ಲಿ ಅದು `Status` ಒಳಗಿರುತ್ತದೆ. ವೈಫೈ ಆಫ್ ಇರುವಾಗ ಅಲ್ಲಿ ಅಂಕಿಗಳು ಕಂಡರೆ ಗೇಟ್‌ವೇ ಬಾಗಿಲು ತೆರೆದು ನಿಮಗೆ ವಿಳಾಸ ಕೊಟ್ಟಿದೆ. ಎಪಿಎನ್ ತನ್ನ ಕೆಲಸ ಮಾಡಿದೆ, ಅದನ್ನು ಮುಟ್ಟಬೇಡಿ. `Unavailable` ಅಂತ ಇದ್ದರೆ ಡೇಟಾ ಸೆಷನ್ನೇ ಶುರುವಾಗಿಲ್ಲ. ತೊಂದರೆ ಸ್ವಿಚ್ಚಿನಲ್ಲೋ, ನೆಟ್‌ವರ್ಕಿನಲ್ಲೋ, ಎಪಿಎನ್‌ನಲ್ಲೋ, ಖಾತೆಯಲ್ಲೋ ಇದೆ. ಈ ಒಂದು ಸಾಲು ನೋಡುವುದರಿಂದ ಅರ್ಧ ಹುಡುಕಾಟ ಉಳಿಯುತ್ತದೆ. ಮುಂದಿನ ಪ್ರತಿ ಹಂತದ ಕೊನೆಗೂ ಇಲ್ಲಿಗೆ ಬಂದು ನೋಡಿ.

### ರೋಮಿಂಗ್ ಸ್ವಿಚ್: ಯಾವ ಸಿಮ್‌ನದ್ದು?

ಎರಡು ಸಿಮ್ ಇದ್ದರೆ `Mobile data` ಯಾವ ಸಿಮ್‌ನಿಂದ ಅಂತ ಮೊದಲು ನೋಡಿ. ಪ್ಯಾಕ್ ಇರುವುದು ಒಂದು ಸಿಮ್‌ನಲ್ಲಿ, ಡೇಟಾಗೆ ಆಯ್ಕೆಯಾಗಿರುವುದು ಇನ್ನೊಂದು ಸಿಮ್, ಇದು ತುಂಬಾ ಸಾಮಾನ್ಯ. ಕರೆ ಒಂದು ಸಿಮ್‌ನಿಂದ ಹೋಗುತ್ತಿರುವುದರಿಂದ ಎಲ್ಲ ಸರಿ ಇದೆ ಅಂತಲೇ ಅನ್ನಿಸುತ್ತಿರುತ್ತದೆ.

ರೋಮಿಂಗ್ ಸ್ವಿಚ್ ಕೂಡ ಸಿಮ್‌ಗೆ ಒಂದರಂತೆ ಇರುತ್ತದೆ. ಹಲವು ಫೋನುಗಳಲ್ಲಿ `Network & internet`, ಅದರೊಳಗೆ `SIMs`, ಅಲ್ಲಿ ಆ ಸಿಮ್ಮನ್ನು ಒತ್ತಿದರೆ `Roaming` ಸಿಗುತ್ತದೆ. ಸ್ಯಾಮ್‌ಸಂಗ್‌ನಲ್ಲಿ `Connections`, ಆಮೇಲೆ `Mobile networks`, ಅಲ್ಲಿ `Data roaming`. ಪ್ಯಾಕ್ ಇರುವ ಸಿಮ್‌ಗೆ ಆನ್ ಮಾಡಿ. ಇನ್ನೊಂದು ಸಿಮ್‌ಗೆ ಆಫ್ ಇರಲಿ, ಪ್ಯಾಕ್ ಇಲ್ಲದ ಸಿಮ್‌ನಲ್ಲಿ ಡೇಟಾ ಹರಿದರೆ ಬಿಲ್ ಜಾಸ್ತಿ ಬರುತ್ತದೆ. ಒಂದು ಸಿಮ್ ಕೈಕೊಟ್ಟಾಗ ತಾನಾಗಿಯೇ ಇನ್ನೊಂದರ ಡೇಟಾಗೆ ಹೋಗುವ ಆಯ್ಕೆ ಫೋನಿನಲ್ಲಿದ್ದರೆ ಅದನ್ನೂ ಆಫ್ ಮಾಡಿ.

ಪ್ರವಾಸಕ್ಕೆ ಅಂತ ಇ-ಸಿಮ್ ಕೊಂಡವರು ಎಡವುವುದು ಇಲ್ಲೇ. ‘ಇದು ಈ ದೇಶದ ಪ್ಲಾನ್, ರೋಮಿಂಗ್ ಯಾಕೆ ಬೇಕು?’ ಅಂತ ಅವರು ಸ್ವಿಚ್ ಆಫ್ ಇಟ್ಟಿರುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಇಂಥ ಇ-ಸಿಮ್‌ಗಳಲ್ಲಿ ಬಹಳಷ್ಟು ಯಾವುದೋ ಮೂರನೇ ದೇಶದ ಕಂಪನಿಯ ಸಿಮ್‌ಗಳು. ನೀವು ಇಳಿದ ದೇಶದಲ್ಲಿ ಅವೂ ರೋಮಿಂಗ್‌ನಲ್ಲೇ ಇರುತ್ತವೆ. ಪ್ಲಾನ್ ಪ್ರೀಪೇಡ್ ಆಗಿದ್ದು ಡೇಟಾ ಮೊದಲೇ ಕೊಂಡಿದ್ದರೆ, ಆ ಇ-ಸಿಮ್‌ಗೆ ಸ್ವಿಚ್ ಆನ್ ಮಾಡಿದರೆ ಬೇರೆ ಬಿಲ್ ಬರುವುದಿಲ್ಲ. ಮಾಡದಿದ್ದರೆ ಕೊಂಡ ಡೇಟಾ ಹಾಗೇ ಕೂತಿರುತ್ತದೆ.

ಸ್ವಿಚ್ ಆನ್ ಮಾಡಿದ ಮೇಲೆ ಫ್ಲೈಟ್ ಮೋಡ್‌ಗೆ ಹಾಕಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಆಗ ಫೋನ್ ಹೊಸದಾಗಿ ನೆಟ್‌ವರ್ಕಿಗೆ ಹೋಗಿ ಡೇಟಾ ಕೇಳುತ್ತದೆ. ಎರಡು ಮೂರು ನಿಮಿಷ ಕಾದು `IP address` ನೋಡಿ. ಅಂಕಿ ಬಂದರೆ ಮುಗಿಯಿತು.

### ನೆಟ್‌ವರ್ಕ್: ಆಟೊಮ್ಯಾಟಿಕ್ ಆಗಿ ಸಿಕ್ಕಿದ್ದು ಸರಿಯಾದದ್ದೇ?

ಆಟೊಮ್ಯಾಟಿಕ್‌ನಲ್ಲಿ ಫೋನ್ ಸಾಮಾನ್ಯವಾಗಿ ಒಳ್ಳೆಯ ನೆಟ್‌ವರ್ಕನ್ನೇ ಹಿಡಿಯುತ್ತದೆ. ಆದರೆ ನಿಮ್ಮ ಪ್ಯಾಕ್ ಆ ನೆಟ್‌ವರ್ಕಿನಲ್ಲಿ ನಡೆಯುತ್ತದೆಯೇ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಒಂದು ದೇಶದಲ್ಲಿ ಮೂರು ನಾಲ್ಕು ಕಂಪನಿಗಳು ಇರಬಹುದು. ಪ್ಯಾಕ್ ಅದರಲ್ಲಿ ಒಂದೆರಡಕ್ಕೆ ಮಾತ್ರ ಇರಬಹುದು. ಯಾವ ಯಾವ ನೆಟ್‌ವರ್ಕಿನಲ್ಲಿ ನಡೆಯುತ್ತದೆ ಅಂತ ಸಿಮ್ ಕಂಪನಿಯ ರೋಮಿಂಗ್ ಪುಟದಲ್ಲಿ ದೇಶದ ಹೆಸರಿನ ಕೆಳಗೆ ಹಾಕಿರುತ್ತಾರೆ. ವೈಫೈನಲ್ಲಿ ಅದನ್ನು ತೆರೆದು ಹೆಸರು ಬರೆದಿಟ್ಟುಕೊಳ್ಳಿ.

ಆಮೇಲೆ ಆ ಸಿಮ್‌ನ ಪುಟದಲ್ಲಿ `Automatically select network` ಅನ್ನುವುದನ್ನು ಆಫ್ ಮಾಡಿ. ಫೋನ್ ಹುಡುಕಲು ಶುರು ಮಾಡುತ್ತದೆ. ಒಂದರಿಂದ ಮೂರು ನಿಮಿಷ ಹಿಡಿಯಬಹುದು, ಆ ಹೊತ್ತಿನಲ್ಲಿ ಡೇಟಾ ನಿಂತಿರುತ್ತದೆ. ಮಧ್ಯದಲ್ಲಿ ಹಿಂದೆ ಬರಬೇಡಿ. ಪಟ್ಟಿಯಲ್ಲಿ ಕೆಲವಕ್ಕೆ ಹೆಸರಿನ ಬದಲು ಐದಾರು ಅಂಕಿ ಇರಬಹುದು. ಅದರ ಮೊದಲ ಮೂರು ಅಂಕಿ ದೇಶದ ಸಂಕೇತ, ಉಳಿದದ್ದು ಕಂಪನಿಯದ್ದು. ಗಡಿಯ ಹತ್ತಿರ ಇದ್ದರೆ ಪಕ್ಕದ ದೇಶದ ಟವರ್ ಕೂಡ ಈ ಪಟ್ಟಿಯಲ್ಲಿ ಬರುತ್ತದೆ. ಮೊದಲ ಮೂರು ಅಂಕಿ ಬೇರೆ ಇರುವುದರಿಂದ ಗುರುತು ಸಿಗುತ್ತದೆ. `901` ಇಂದ ಶುರುವಾಗುವ ಅಂಕಿ ಕಂಡರೆ ಆರಿಸಬೇಡಿ. ಅದು ಯಾವ ದೇಶಕ್ಕೂ ಸೇರದ ಜಾಲಗಳ ಸಂಕೇತ. ಹಡಗು, ವಿಮಾನಗಳೊಳಗಿನ ನೆಟ್‌ವರ್ಕುಗಳು ಇದರಲ್ಲಿ ಬರುತ್ತವೆ. ದೇಶದ ಪ್ಯಾಕ್ ಅವಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ದರವೂ ವಿಪರೀತ.

ಸರಿಯಾದ ಹೆಸರನ್ನೇ ಒತ್ತಿದರೂ ಮೊದಲ ಸಲ ‘ಆಗಲಿಲ್ಲ’ ಅಂತ ಬರಬಹುದು. ಅಷ್ಟಕ್ಕೇ ಆ ನೆಟ್‌ವರ್ಕನ್ನು ಕೈಬಿಡಬೇಡಿ. ಸಿಮ್ ಕಂಪನಿಗಳಿಗೆ ಪ್ರತಿ ದೇಶದಲ್ಲೂ ತಮಗೆ ಬೇಕಾದ ಪಾಲುದಾರರು ಇರುತ್ತಾರೆ. ಫೋನ್ ಬೇರೆ ನೆಟ್‌ವರ್ಕಿಗೆ ಹೋದರೆ ಕೆಲವು ಕಂಪನಿಗಳು ಬೇಕೆಂದೇ ಮೊದಲ ಒಂದೆರಡು ಪ್ರಯತ್ನ ತಿರಸ್ಕರಿಸಿ ಅದನ್ನು ತಮ್ಮ ಪಾಲುದಾರರ ಕಡೆ ತಳ್ಳುತ್ತವೆ. ಎರಡನೇ ಸಲವೋ ಮೂರನೇ ಸಲವೋ ಒತ್ತಿದಾಗ ಒಳಗೆ ಬಿಡುವುದುಂಟು. ಇಳಿದ ಕೂಡಲೇ ಸಿಗ್ನಲ್ ಬಂದು ಹೋಗಿ ಮಾಡುವುದಕ್ಕೂ ಇದು ಒಂದು ಕಾರಣ.

ಇನ್ನೊಂದು ಸೂಕ್ಷ್ಮ ಇದೆ. ಯಾವುದಾದರೂ ನೆಟ್‌ವರ್ಕ್ ‘ನಿನಗೆ ಇಲ್ಲಿ ಪ್ರವೇಶವಿಲ್ಲ’ ಅಂತ ಖಡಾಖಂಡಿತವಾಗಿ ಹೇಳಿದರೆ, ಅದರ ಹೆಸರು ಸಿಮ್ ಒಳಗೇ ಒಂದು ನಿಷೇಧ ಪಟ್ಟಿಯಲ್ಲಿ ಬರೆದುಹೋಗುತ್ತದೆ. ಹುಡುಕಿದ ಪಟ್ಟಿಯಲ್ಲಿ ಅಂಥದ್ದರ ಪಕ್ಕ ಕೆಲವು ಫೋನುಗಳು `forbidden` ಅಂತ ತೋರಿಸುತ್ತವೆ. ಆಟೊಮ್ಯಾಟಿಕ್‌ನಲ್ಲಿರುವಾಗ ಫೋನ್ ಮತ್ತೆ ಅದರ ಬಾಗಿಲು ತಟ್ಟುವುದೇ ಇಲ್ಲ. ಪಟ್ಟಿ ಇರುವುದು ಸಿಮ್‌ನಲ್ಲಿ, ಹಾಗಾಗಿ ಫೋನ್ ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಅದು ಉಳಿದೇ ಇರುತ್ತದೆ. ಪ್ಯಾಕ್ ಆನ್ ಆಗುವ ಮುಂಚೆ ಇಳಿದು, ಒಮ್ಮೆ ತಿರಸ್ಕಾರಕ್ಕೆ ಒಳಗಾಗಿ, ಆಮೇಲೆ ಪ್ಯಾಕ್ ಹಾಕಿಸಿದರೂ ಆ ನೆಟ್‌ವರ್ಕ್ ಸಿಗುತ್ತಿಲ್ಲ ಅನ್ನುವವರ ಕಥೆ ಹೆಚ್ಚಾಗಿ ಇದೇ. ನೀವೇ ಆ ಹೆಸರನ್ನು ಆರಿಸಿದರೆ ಫೋನ್ ಮತ್ತೆ ಕೇಳುತ್ತದೆ. ಒಪ್ಪಿಗೆ ಸಿಕ್ಕರೆ ಹೆಸರು ಆ ಪಟ್ಟಿಯಿಂದ ಅಳಿಯುತ್ತದೆ. ನೆಟ್‌ವರ್ಕನ್ನು ಕೈಯಿಂದ ಆರಿಸುವುದರ ನಿಜವಾದ ಲಾಭ ನನ್ನ ಪ್ರಕಾರ ಇದು.

ನೆಟ್‌ವರ್ಕ್ ಸರಿ ಇದ್ದೂ ಅಕ್ಷರ ಬರದಿದ್ದರೆ `Preferred network type` ಒಮ್ಮೆ ನೋಡಿ. ಹಿಂದೆ ಯಾವಾಗಲೋ 3ಜಿಗೆ ಕಟ್ಟಿಹಾಕಿದ್ದರೆ ಹಲವು ದೇಶಗಳಲ್ಲಿ ಈಗ 3ಜಿ ಟವರ್ರೇ ಇಲ್ಲ. ಅಮೆರಿಕದ ಮೂರೂ ದೊಡ್ಡ ಕಂಪನಿಗಳು 2022ರಲ್ಲೇ ಅದನ್ನು ಮುಚ್ಚಿದವು. 5ಜಿ ತೋರಿಸುತ್ತಾ ಡೇಟಾ ಬರುತ್ತಿಲ್ಲ ಅಂದರೆ 4ಜಿಗೆ ಇಳಿಸಿ ನೋಡಿ. ಎಷ್ಟೋ ಕಡೆ ರೋಮಿಂಗ್ ಒಪ್ಪಂದ 4ಜಿಗೆ ಮಾತ್ರ ಇರುತ್ತದೆ.

ಕೆಲಸ ಆದ ಮೇಲೆ ಆಟೊಮ್ಯಾಟಿಕ್‌ಗೆ ವಾಪಸ್ ಹಾಕಲು ಮರೆಯಬೇಡಿ. ಹಾಕದಿದ್ದರೆ ಗಡಿ ದಾಟಿದಾಗಲೂ, ವಾಪಸ್ ನಿಮ್ಮ ದೇಶದಲ್ಲಿ ಇಳಿದಾಗಲೂ ಫೋನ್ ಆ ಒಂದೇ ಹೆಸರನ್ನು ಹುಡುಕುತ್ತಾ ‘ನೆಟ್‌ವರ್ಕ್ ಇಲ್ಲ’ ಅಂತ ಕೂತಿರುತ್ತದೆ. ಆಟೊಮ್ಯಾಟಿಕ್‌ಗೆ ಹಾಕಿದ ಕೂಡಲೇ ಮತ್ತೆ ಬೇಡದ ನೆಟ್‌ವರ್ಕಿಗೆ ಹಾರಿದರೆ ಮಾತ್ರ ಅಲ್ಲಿರುವಷ್ಟು ದಿನ ನಿಮ್ಮ ಆಯ್ಕೆಯಲ್ಲೇ ಇಟ್ಟುಕೊಳ್ಳಿ.

### ಎಪಿಎನ್: ಮೊದಲು ನೋಡಿ, ಆಮೇಲೆ ಮುಟ್ಟಿ

ಸ್ವಿಚ್ ಆನ್ ಇದೆ, ನೆಟ್‌ವರ್ಕ್ ಪಾಲುದಾರರದ್ದೇ, ಆದರೂ `IP address` ಖಾಲಿ. ಈಗ ಎಪಿಎನ್ ಸರದಿ. ಅದೇ ಸಿಮ್‌ನ ಪುಟದಲ್ಲಿ `Access Point Names` ತೆರೆಯಿರಿ. ಇರುವುದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಪಟ್ಟಿ ಖಾಲಿ ಇದೆಯೇ? ಎರಡು ಮೂರು ಇದ್ದು ತಪ್ಪಾದದ್ದರ ಮೇಲೆ ಚುಕ್ಕಿ ಇದೆಯೇ? ಹಳೆಯ ಸಿಮ್‌ಗಾಗಿ ಹಿಂದೆ ಹಾಕಿದ್ದು ಉಳಿದಿದೆಯೇ? ಮೇಲಿನ ಮೂರು ಚುಕ್ಕಿಯಲ್ಲಿ `Reset to default` ಇರುತ್ತದೆ. ನಿಮ್ಮ ಸಿಮ್ ದೊಡ್ಡ ಕಂಪನಿಯದ್ದಾಗಿದ್ದರೆ ಅದನ್ನೇ ಮೊದಲು ಒತ್ತಿ, ಸಾಮಾನ್ಯವಾಗಿ ಸಾಕಾಗುತ್ತದೆ. ಪ್ರವಾಸದ ಇ-ಸಿಮ್ ಆದರೆ ಮಾರಿದವರು ಕಳಿಸಿದ ಮೇಲ್‌ನಲ್ಲಿ ಎಪಿಎನ್ ಕೊಟ್ಟಿರುತ್ತಾರೆ, ಅದನ್ನು ಸೇರಿಸಬೇಕು.

ಒಬ್ಬರಿಗೆ ಫೋನಿನಲ್ಲೇ ಹೇಳಿ ಸರಿಮಾಡಿಸಿದ್ದನ್ನು ಹೇಳುತ್ತೇನೆ, ನಿಮಗೆ ದಾರಿ ಗೊತ್ತಾಗುತ್ತದೆ. ಅವರ ಹತ್ತಿರ ಊರಿನ ಸಿಮ್ ಒಂದು, ಡೇಟಾಗೆ ಕೊಂಡ ಇ-ಸಿಮ್ ಒಂದು. ಸಿಗ್ನಲ್ ಪೂರ್ತಿ, ಅಕ್ಷರ ಇಲ್ಲ, `IP address` ಖಾಲಿ. ಡೇಟಾಗೆ ಇ-ಸಿಮ್ ಆಯ್ಕೆಯಾಗಿತ್ತು, ಆದರೆ ಅದರ ರೋಮಿಂಗ್ ಆಫ್. ಆನ್ ಮಾಡಿ ಫ್ಲೈಟ್ ಮೋಡ್ ಹಾಕಿ ತೆಗೆದರೂ ಏನೂ ಬದಲಾಗಲಿಲ್ಲ. ನೆಟ್‌ವರ್ಕ್ ಹೆಸರು ಕೇಳಿದೆ. ಇ-ಸಿಮ್ ಮಾರಿದವರು ಹೇಳಿದ್ದೇ ಇತ್ತು, ಹಾಗಾಗಿ ಆ ಹಂತ ಬಿಟ್ಟೆವು. ಎಪಿಎನ್ ಪಟ್ಟಿ ತೆರೆದರೆ ಪೂರ್ತಿ ಖಾಲಿ. ಮೇಲ್‌ನಲ್ಲಿದ್ದ ಎಪಿಎನ್ ಸೇರಿಸಿ, `Save` ಒತ್ತಿ, ಅದರ ಮುಂದಿನ ಚುಕ್ಕಿ ಆರಿಸಿಕೊಂಡರು. ಇನ್ನೂ ಖಾಲಿ. ಆಗ ಆ ನಮೂದನ್ನು ಮತ್ತೆ ತೆರೆಸಿ ಒಂದೊಂದೇ ಸಾಲು ಓದಿಸಿದೆ. `APN roaming protocol` ಎದುರು ಬರೀ `IPv6` ಇತ್ತು. ಅದು ಐಪಿ ವಿಳಾಸದ ಹೊಸ ಬಗೆ. ಅದನ್ನು ಹಳೆಯ ಬಗೆಯಾದ `IPv4` ಮಾಡಿ, ಉಳಿಸಿ, ಮತ್ತೆ ಫ್ಲೈಟ್ ಮೋಡ್. ಒಂದು ನಿಮಿಷದೊಳಗೆ `4G` ಬಂತು, ವಿಳಾಸದ ಅಂಕಿಗಳೂ ಬಂದವು. ಕೊನೆಗೆ ಅವರ ನಮೂದು ಹೀಗಿತ್ತು. ಎಪಿಎನ್ ಸಾಲಿನಲ್ಲಿ ನಿಮ್ಮ ಕಂಪನಿ ಕೊಟ್ಟದ್ದು ಇರಬೇಕು:

```
APN: internet
Username: Not set
Password: Not set
APN type: default,supl
APN protocol: IPv4/IPv6
APN roaming protocol: IPv4
```

ಇಲ್ಲಿ ಎರಡು ಸಾಲಿನ ಬಗ್ಗೆ ಹೇಳಲೇಬೇಕು. `APN type`ನಲ್ಲಿ `default` ಅನ್ನುವ ಪದ ಇದ್ದರೆ ಮಾತ್ರ ಫೋನ್ ಆ ಎಪಿಎನ್‌ನಿಂದ ಸಾಮಾನ್ಯ ಇಂಟರ್ನೆಟ್ ಕೇಳುತ್ತದೆ. ಅಲ್ಲಿ `mms` ಒಂದೇ ಇದ್ದರೆ ಆ ನಮೂದು ಫೋಟೋ ಸಂದೇಶಕ್ಕೆ ಮಾತ್ರ. ಇನ್ನು `APN roaming protocol` ರೋಮಿಂಗ್‌ನಲ್ಲಿ ಇರುವಾಗ ಮಾತ್ರ ಲೆಕ್ಕಕ್ಕೆ ಬರುವ ಸಾಲು. ಮನೆಯಲ್ಲಿ ಇಂಟರ್ನೆಟ್ ಚೆನ್ನಾಗಿ ನಡೆದು ವಿದೇಶದಲ್ಲಿ ಮಾತ್ರ ನಿಂತರೆ ಅನುಮಾನ ಈ ಸಾಲಿನ ಮೇಲೆ ಹೋಗಬೇಕು. ಅಲ್ಲಿನ ನೆಟ್‌ವರ್ಕಿಗೂ ನಿಮ್ಮ ಗೇಟ್‌ವೇಗೂ ನಡುವೆ ಎಲ್ಲಾದರೂ ಒಂದು ಕಡೆ `IPv6` ನಡೆಯದಿದ್ದರೆ ಸೆಷನ್ ಶುರುವಾಗದೆ ಹೋಗಬಹುದು. `IPv4` ಇಟ್ಟು ನೋಡುವುದರಿಂದ ನಷ್ಟ ಏನಿಲ್ಲ. ನಡೆಯದಿದ್ದರೆ ಸ್ಕ್ರೀನ್‌ಶಾಟ್ ನೋಡಿ ಹಿಂದಿನದಕ್ಕೇ ಹಾಕಿ.

`MCC`, `MNC` ಸಾಲುಗಳನ್ನು ಮುಟ್ಟಬೇಡಿ. ಅಲ್ಲಿರುವುದು ನಿಮ್ಮ ಸಿಮ್ ಕಂಪನಿಯ ಸಂಕೇತ, ಇಳಿದ ದೇಶದ್ದು ಹಾಕಿದರೆ ನಮೂದು ಪಟ್ಟಿಯಿಂದಲೇ ಮಾಯವಾಗುತ್ತದೆ. ಎಪಿಎನ್ ಟೈಪ್ ಮಾಡುವಾಗ ಕೊನೆಗೆ ಖಾಲಿ ಜಾಗ ಸೇರಿಕೊಳ್ಳದಂತೆ ನೋಡಿಕೊಳ್ಳಿ. ಕೀಬೋರ್ಡ್ ಪದ ಸೂಚಿಸಿದಾಗ ಅದು ತಾನಾಗಿಯೇ ಬಂದುಬಿಡುತ್ತದೆ.

ಐಫೋನ್ ಇರುವವರಿಗೆ ಒಂದು ಮಾತು. ಅದರಲ್ಲಿ ಎಪಿಎನ್ ಪುಟ ಹಲವು ಸಿಮ್‌ಗಳಿಗೆ ಕಾಣಿಸುವುದೇ ಇಲ್ಲ, ಕಂಪನಿಯ ಸೆಟ್ಟಿಂಗ್ ತಾನಾಗಿ ಕೂರುತ್ತದೆ. ಆದರೆ ಹಿಂದೆ ಬೇರೆ ಸಿಮ್‌ಗಾಗಿ ಹಾಕಿಕೊಂಡ ಪ್ರೊಫೈಲ್ `VPN & Device Management` ಒಳಗೆ ಉಳಿದಿದ್ದರೆ ಅದರ ಎಪಿಎನ್ನೇ ಜಾರಿಯಲ್ಲಿರುತ್ತದೆ. ಅದನ್ನು ತೆಗೆಯಬೇಕು. ಆಫೀಸಿನವರು ಹಾಕಿದ ಪ್ರೊಫೈಲ್ ಆಗಿದ್ದರೆ ಅವರನ್ನು ಕೇಳದೆ ತೆಗೆಯಬೇಡಿ.

### ವಿಳಾಸ ಬಂದಿದೆ, ಆದರೂ ಏನೂ ತೆರೆಯುತ್ತಿಲ್ಲ

`IP address` ಎದುರು ಅಂಕಿ ಇದ್ದು ಮೇಲೆ `!` ಉಳಿದಿದ್ದರೆ ವಿಪಿಎನ್ ಆಫ್ ಮಾಡಿ ನೋಡಿ. ಆಮೇಲೆ `Private DNS` ತೆರೆದು, ಅಲ್ಲಿ ಯಾವುದಾದರೂ ಹೆಸರು ತುಂಬಿದ್ದರೆ `Automatic` ಮಾಡಿ. ಒಂದೇ ಒಂದು ಆ್ಯಪ್ ತೆರೆಯದೆ ಉಳಿದವು ತೆರೆದರೆ ಅದು `Data Saver` ಅಥವಾ ಆ ಆ್ಯಪ್‌ನ ಸ್ವಂತ ರೋಮಿಂಗ್ ಸೆಟ್ಟಿಂಗ್.

### ಫೋನಿನಲ್ಲಿ ತಪ್ಪೇ ಇಲ್ಲದಿದ್ದಾಗ

ಮೂರೂ ನೋಡಿಯಾಗಿದೆ, ವಿಳಾಸ ಇನ್ನೂ ಇಲ್ಲ ಅಂದರೆ ಮತ್ತೆ ಮತ್ತೆ ಎಪಿಎನ್ ಬದಲಿಸಬೇಡಿ. ಇಷ್ಟಾದ ಮೇಲೆ ತೊಂದರೆ ಹೆಚ್ಚಾಗಿ ಖಾತೆಯಲ್ಲಿ ಇರುತ್ತದೆ. ಪ್ಯಾಕ್ ಕೊಂಡಿದ್ದರೂ ಅಂತಾರಾಷ್ಟ್ರೀಯ ರೋಮಿಂಗ್ ಸೇವೆ ಆನ್ ಆಗಿಲ್ಲದಿರಬಹುದು. ಪ್ಯಾಕ್ ಇನ್ನೂ ಶುರುವಾಗಿಲ್ಲದಿರಬಹುದು. ಆ ದೇಶ ಪ್ಯಾಕಿನ ಪಟ್ಟಿಯಲ್ಲೇ ಇಲ್ಲದಿರಬಹುದು. ಖರ್ಚಿನ ಮಿತಿ ಮುಟ್ಟಿರಬಹುದು. ಅನುಮಾನ ತೀರಿಸಿಕೊಳ್ಳಬೇಕಾದರೆ ಜೊತೆಗೆ ಬಂದವರ ಫೋನಿನಲ್ಲಿ ನಿಮ್ಮ ಸಿಮ್ ಹಾಕಿ, ರೋಮಿಂಗ್ ಆನ್ ಮಾಡಿ ನೋಡಿ. ಅಲ್ಲೂ ಡೇಟಾ ಇಲ್ಲ ಅಂದರೆ ನಿಮ್ಮ ಫೋನಿನ ಮೇಲೆ ಅನುಮಾನ ಬೇಡ.

ವೈಫೈನಲ್ಲಿ ಸಿಮ್ ಕಂಪನಿಯ ಆ್ಯಪ್ ಚಾಟ್‌ಗೆ ಹೋಗಿ. ‘ಇಂಟರ್ನೆಟ್ ಬರುತ್ತಿಲ್ಲ’ ಅಂತ ಮಾತ್ರ ಬರೆದರೆ ‘ಫೋನ್ ರೀಸ್ಟಾರ್ಟ್ ಮಾಡಿ’ ಅಂತ ಉತ್ತರ ಬರುತ್ತದೆ, ಅಲ್ವಾ? ಬದಲಿಗೆ ಹೀಗೆ ಬರೆಯಿರಿ: ‘ಇಂಥ ದೇಶದಲ್ಲಿದ್ದೇನೆ, ಇಂಥ ನೆಟ್‌ವರ್ಕ್ ಆರಿಸಿದ್ದೇನೆ, ಕರೆ ಮತ್ತು ಎಸ್‌ಎಂಎಸ್ ನಡೆಯುತ್ತಿವೆ. ಡೇಟಾ ರೋಮಿಂಗ್ ಆನ್ ಇದೆ, ಎಪಿಎನ್ ನೀವು ಕೊಟ್ಟದ್ದೇ ಇದೆ. ಐಪಿ ವಿಳಾಸ ಸಿಗುತ್ತಿಲ್ಲ. ಅಲ್ಲಿನ ಸಮಯ ಇಷ್ಟು ಗಂಟೆಗೆ ಕೊನೆಯದಾಗಿ ಪ್ರಯತ್ನಿಸಿದ್ದೇನೆ. ಈ ನಂಬರಿಗೆ ಡೇಟಾ ರೋಮಿಂಗ್ ಒಪ್ಪಿಗೆ ಇದೆಯೇ, ನನ್ನ ಡೇಟಾ ಸೆಷನ್ ಎಲ್ಲಿ ತಿರಸ್ಕಾರ ಆಗುತ್ತಿದೆ ನೋಡಿ ಹೇಳಿ.’ ಸಮಯ ಮತ್ತು ನೆಟ್‌ವರ್ಕ್ ಹೆಸರು ಕೊಟ್ಟರೆ ತಾಂತ್ರಿಕ ವಿಭಾಗದವರು ತಮ್ಮ ದಾಖಲೆಯಲ್ಲಿ ಆ ಪ್ರಯತ್ನವನ್ನು ಹುಡುಕಬಹುದು. ಅವರು ಅಲ್ಲಿಂದ ಏನಾದರೂ ಸರಿಮಾಡಿದ್ದೇವೆ ಅಂದರೆ ಫ್ಲೈಟ್ ಮೋಡ್ ಒಮ್ಮೆ ಹಾಕಿ ತೆಗೆಯಿರಿ. ಆಗ ಫೋನ್ ಹೊಸದಾಗಿ ನೆಟ್‌ವರ್ಕಿಗೆ ಹೋಗಿ ಮತ್ತೆ ಡೇಟಾ ಕೇಳುತ್ತದೆ.